ಕಳೆದದ್ದು ವಾಚು, ಬಂದ್ ಆದದ್ದು ಕಾರ್ಡು

ಕರಜಗಿಯ ಪಶು ಆಸ್ಪತ್ರೆಯಲ್ಲಿ ಪಂಚಶೀಲಾ ಡಾಕ್ಟರಾಗಿ ಆರು ವರ್ಷ. ಸುತ್ತಲಿನ ಊರಿನವರಿಗೆಲ್ಲ ಅವಳು ಡಾಕ್ಟರ್‌ಬಾಯಿ. ಗಂಡ ಧಮ್ಮಪಾಲ ಆಳಂದದ ಕಾಲೇಜಿನಲ್ಲಿ ಉಪನ್ಯಾಸಕ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಅಫಜಲಪುರದ ಮನೆಗೆ ಬರುತ್ತಾನೆ. ಒಂದು ಶನಿವಾರ ಬರುವಾಗ ಅವಳಿಗೆಂದು ಹೊಸ ಸ್ಮಾರ್ಟ್‌ವಾಚು ತಂದ. ಕಾರ್ಡು ತೆಗೆಯುವುದು ಬೇಡ, ಮಷೀನಿನ ಹತ್ತಿರ ಕೈ ಹಿಡಿದರೆ ದುಡ್ಡು ಹೋಗುತ್ತದೆ ಎಂದು ಅದರ ಗುಣಗಾನ ಮಾಡಿದ. ಭಾನುವಾರ ಸಂಜೆ, ಉಳಿದದ್ದನ್ನು ನೀನೇ ಮಾಡಿಕೋ, ಐದು ನಿಮಿಷದ ಕೆಲಸ ಎಂದು ಹೇಳಿ ಬಸ್ಸು ಹತ್ತಿದ.

ಆ ಐದು ನಿಮಿಷದ ಕೆಲಸ ನಾಲ್ಕು ದಿನ ಹಿಡಿಯಿತು.

ಮೊದಲು ವಾಚಿನ ಆ್ಯಪನ್ನು ತನ್ನ ಫೋನಿಗೆ ಇಳಿಸಿಕೊಂಡಳು. ವಾಲೆಟ್ ತೆರೆದರೆ, ಮೊದಲು ನಾಲ್ಕಂಕಿಯ ಕೋಡು ಇಡು ಎಂದಿತು. ಇಟ್ಟಳು. ಕಾರ್ಡಿನ ನಂಬರು ಹಾಕಿದಳು. ಬ್ಯಾಂಕು ಒಪ್ಪಲಿಲ್ಲ. ಶಾಖೆಗೆ ಫೋನು ಹಚ್ಚಿ ಕೇಳಿದಾಗ, ನಿಮ್ಮ ಕಾರ್ಡಿನಲ್ಲಿ ಕಾಂಟ್ಯಾಕ್ಟ್‌ಲೆಸ್ ಸೌಲಭ್ಯ ಚಾಲೂ ಇಲ್ಲ, ಬ್ಯಾಂಕಿನ ಆ್ಯಪಿನಲ್ಲಿ ಹೋಗಿ ಚಾಲೂ ಮಾಡಿಕೊಳ್ಳಿ ಎಂದರು. ಬ್ಯಾಂಕಿನ ಆ್ಯಪು ಇದ್ದದ್ದು ಧಮ್ಮಪಾಲನ ಫೋನಿನಲ್ಲಿ. ಅವಳು ನೌಕರಿ ಸೇರಿದ ಹೊಸದರಲ್ಲಿ ಖಾತೆ ತೆರೆದು ಕೊಟ್ಟವನು ಅವನು. ಆಗ ಅವಳ ನಂಬರು ಬದಲಾಗುವುದಿತ್ತೆಂದು ತನ್ನದನ್ನೇ ಬರೆದುಕೊಟ್ಟಿದ್ದ. ಪಗಾರ ಅವಳದು, ಮೆಸೇಜು ಅವನಿಗೆ. ಫೋನಿನಿಂದ ದುಡ್ಡು ಕಳಿಸುವುದೂ ಆ ನಂಬರಿನಿಂದಲೇ ಆಗಬೇಕಾದ್ದರಿಂದ ಅವಳ ಪಾಲಿಗೆ ಉಳಿದದ್ದು ಕಾರ್ಡೊಂದೇ.

ಮಂಗಳವಾರ ಅವನು ಸೌಲಭ್ಯ ಚಾಲೂ ಮಾಡಿದ. ಅವಳು ಮತ್ತೆ ಕಾರ್ಡು ಸೇರಿಸಿದಳು. ಒಟಿಪಿ ಆಳಂದಕ್ಕೆ ಹೋಯಿತು. ಅವನು ಕ್ಲಾಸಿನಲ್ಲಿದ್ದ. ಹೊರಗೆ ಬಂದು ನಂಬರು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಬುಧವಾರ ಓದಿದ್ದು ಹಳೆಯ ಒಟಿಪಿ. ಗುರುವಾರ, ಹತ್ತು ನಿಮಿಷ ಫೋನು ಕೈಯಲ್ಲಿ ಹಿಡಿದು ಕುಂದರ್ರಿ, ಎಲ್ಲಿಗೂ ಏಳಬ್ಯಾಡ್ರಿ ಎಂದು ಅವಳು ತಾಕೀತು ಮಾಡಿದ ಮೇಲೆ ಕಾರ್ಡು ವಾಚಿನೊಳಗೆ ಕೂತಿತು.

ಅಫಜಲಪುರದ ಪೆಟ್ರೋಲ್ ಪಂಪಿನಲ್ಲಿ ಕೆಲಸಕ್ಕಿದ್ದ ಗುರುಪಾದ ಮಷೀನಿನಲ್ಲಿ ಮುನ್ನೂರು ರೂಪಾಯಿ ಒತ್ತಿ ಹಿಡಿದ. ಅವಳು ವಾಚಿನಲ್ಲಿ ವಾಲೆಟ್ ತೆರೆದು ಮಣಿಕಟ್ಟನ್ನು ಮಷೀನಿನ ಮೇಲೆ ತಂದಳು. ಟಣ್ ಎಂದು ಚೀಟಿ ಹೊರಬಂತು. ಐದು ಸಾವಿರದೊಳಗಿನ ಮೊತ್ತವಾದ್ದರಿಂದ ಮಷೀನು ಪಿನ್ನನ್ನೂ ಕೇಳಲಿಲ್ಲ. ಆ ಕ್ಷಣ ಅವಳಿಗೆ ಖುಷಿಯೇ ಆಯಿತು.

ಖುಷಿ ಎರಡು ದಿನ ಬಾಳಲಿಲ್ಲ. ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ನೋಡಲು ತೋಳಿನವರೆಗೆ ಕೈಗವಸು ಏರಿಸಬೇಕು, ಅದಕ್ಕೆ ವಾಚು ಬಿಚ್ಚಬೇಕು. ವಾಚು ಕೈಯಿಂದ ಇಳಿದರೆ ವಾಲೆಟ್ ಬೀಗ ಹಾಕಿಕೊಳ್ಳುತ್ತದೆ. ಮತ್ತೆ ಕಟ್ಟಿಕೊಂಡು ದುಡ್ಡು ಕೊಡಬೇಕೆಂದರೆ ಕೋಡು ಒತ್ತಬೇಕು. ದಿನಕ್ಕೆ ಹತ್ತು ಕೊಟ್ಟಿಗೆ ತಿರುಗುವವಳಿಗೆ ಹತ್ತು ಸಲ ಬಿಚ್ಚುವುದು, ಹತ್ತು ಸಲ ಕಟ್ಟುವುದು. ಒಮ್ಮೆ ಸಿಟ್ಟಿನಲ್ಲಿ ಕೋಡನ್ನೇ ತೆಗೆದುಹಾಕಲು ಹೋದಳು. ಕೋಡು ತೆಗೆದರೆ ಕಾರ್ಡೂ ಹೋಗುತ್ತದೆ ಎಂದು ವಾಚು ಎಚ್ಚರಿಸಿತು. ಮತ್ತೆ ಆಳಂದದ ಒಟಿಪಿ ನೆನಪಾಗಿ ಬೆರಳು ಹಿಂದಕ್ಕೆ ತೆಗೆದಳು.

ಮುಂದಿನ ಬುಧವಾರ ಮಣ್ಣೂರಿನ ನಿಂಬೆವ್ವನ ಎಮ್ಮೆ ನೋಡಿ, ಕೈ ತೊಳೆಯುತ್ತಿರುವಾಗಲೇ ಕರಜಗಿಯಿಂದ ಕರೆ ಬಂತು. ಆಕಳೊಂದು ಹೊಟ್ಟೆಯುಬ್ಬರದಿಂದ ನರಳುತ್ತಿತ್ತು. ಸ್ಕೂಟಿ ಹತ್ತಿ ಓಡಿದಳು. ಆಕಳು ಎದ್ದು ನಿಂತು ಮೇವಿಗೆ ಬಾಯಿ ಹಾಕಿದ ಮೇಲೆ ಮಣಿಕಟ್ಟು ನೋಡಿಕೊಂಡಳು. ವಾಚಿರಲಿಲ್ಲ.

ಎಲ್ಲಿ ಬಿಟ್ಟೆ? ನಿಂಬೆವ್ವನ ಕೊಟ್ಟಿಗೆಯೋ, ದಾರಿಯೋ? ಫೋನಿನಲ್ಲಿ ವಾಚು ಹುಡುಕುವ ಗುಂಡಿ ಒತ್ತಿದಳು. ಬ್ಲೂಟೂತ್ ತಲುಪುವಷ್ಟು ಹತ್ತಿರ ಇದ್ದರೆ ಮಾತ್ರ ಅದು ಕೂಗುತ್ತದಂತೆ. ಕೂಗಲಿಲ್ಲ. ನಿಂಬೆವ್ವನ ಮಗ ದೇವಿಂದ್ರಪ್ಪನಿಗೆ ಹಚ್ಚಿದರೆ ಫೋನು ಸ್ವಿಚ್ ಆಫ್.

ಪಂಚಶೀಲಾ ತಲೆ ಕೆಡಿಸಿಕೊಳ್ಳುವವಳಲ್ಲ. ಆ್ಯಪು ತೆರೆದು, ವಾಲೆಟ್‌ನಲ್ಲಿ ಕಾರ್ಡಿನ ಮೇಲೆ ಒತ್ತಿ, 'ತಾತ್ಕಾಲಿಕವಾಗಿ ನಿಲ್ಲಿಸು' ಎಂಬುದನ್ನು ಆರಿಸಿದಳು. ವಾಚು ಎಲ್ಲೇ ಬಿದ್ದಿರಲಿ, ಇನ್ನು ಅದರಿಂದ ದುಡ್ಡು ಹೋಗದು. ಕೈಯಿಂದ ಇಳಿದದ್ದರಿಂದ ಅದು ಹೇಗೂ ಕೋಡು ಕೇಳುತ್ತಿತ್ತು. ಅದರೊಳಗೆ ಅವಳ ಕಾರ್ಡಿನ ನಿಜವಾದ ನಂಬರೂ ಇರಲಿಲ್ಲ, ಬ್ಯಾಂಕು ಆ ವಾಚಿಗೆಂದೇ ಕೊಟ್ಟ ಬೇರೆ ನಂಬರಿತ್ತು. ಪರ್ಸಿನಲ್ಲಿದ್ದ ಕಾರ್ಡಿಗೆ ಏನೂ ಆಗಿರಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಗಂಡನಿಗೆ ಹೇಳಿದಳು. ವಾಚು ಕಳೆದಿದೆ ಎಂಬುದಷ್ಟೇ ಅವನ ಕಿವಿಗೆ ಬಿತ್ತು. ನಾನು ನಿಲ್ಲಿಸೀನಿ ಎಂದು ಅವಳು ಹೇಳುತ್ತಿರುವಾಗಲೇ, ನೀ ಚಿಂತಿ ಮಾಡಬ್ಯಾಡ, ನಾ ನೋಡ್ಕೋತೇನಿ ಎಂದು ಫೋನಿಟ್ಟ.

ಸಂಜೆ ಸ್ಕೂಟಿಯಲ್ಲಿ ಪೆಟ್ರೋಲು ಮುಗಿಯುತ್ತ ಬಂದಿತ್ತು. ಗುರುಪಾದ ಮುನ್ನೂರರದ್ದು ತುಂಬಿದ. ಅವಳು ಕಾರ್ಡು ತೂರಿಸಿ ಪಿನ್ ಒತ್ತಿದಳು. ಮಷೀನು ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ. ಹಿಂದೆ ನಾಲ್ಕು ಮೋಟರ್‌ಸೈಕಲ್ಲು ನಿಂತಿದ್ದವು, ಒಬ್ಬ ಹಾರ್ನು ಹೊಡೆಯುತ್ತಿದ್ದ. ಪರ್ಸಿನಲ್ಲಿದ್ದದ್ದು ನಲವತ್ತು ರೂಪಾಯಿ.

ಗಂಡನಿಗೆ ಹಚ್ಚಿದಳು.

"ಕಾರ್ಡ್ ನಾನೇ ಬಂದ್ ಮಾಡೀನಿ. ಕಾಯಂ. ಇನ್ನ ಯಾರೂ ಮುಟ್ಟಂಗಿಲ್ಲ," ಎಂದ ಧಮ್ಮಪಾಲ. ದನಿಯಲ್ಲಿ ಕೆಲಸ ಮುಗಿಸಿದ ಸಮಾಧಾನವಿತ್ತು.

"ಕಳದಿದ್ದು ವಾಚ್ ರೀ, ಕಾರ್ಡಲ್ಲ. ಕಾರ್ಡ್ ನನ್ನ ಕೈಯಾಗ ಐತಿ. ವಾಚಿನಾಗಿಂದು ನಾ ಆಗಲೇ ನಿಲ್ಲಿಸಿದ್ದೆ."

"ನಿಲ್ಲಿಸಿದ್ದಿ ಅಂತ ಹೇಳಬೇಕಿಲ್ಲೇನು?"

"ಹೇಳಾಕತ್ತಿದ್ದೆ. ನೀವು ಫೋನ್ ಇಟ್ರಿ."

ಮತ್ತೆ ಚಾಲೂ ಮಾಡಲು ಬರುತ್ತದೇನೋ ನೋಡುತ್ತೇನೆ ಎಂದ. ಬರಲಿಲ್ಲ. ಕಾಯಂ ಬಂದ್ ಮಾಡಿದ ಕಾರ್ಡು ಮತ್ತೆ ಜೀವ ಪಡೆಯದು, ಹೊಸದಕ್ಕೇ ಅರ್ಜಿ ಹಾಕಬೇಕು. ಕೊನೆಗೆ ಅವಳು ಪಂಪಿನ ಕ್ಯೂಆರ್ ಕೋಡಿನ ಫೋಟೋ ತೆಗೆದು ಕಳಿಸಿದಳು. ಆಳಂದದಲ್ಲಿ ಕೂತು ಅವನು ಮುನ್ನೂರು ಹಾಕಿದ. ದುಡ್ಡು ಬಂದದ್ದನ್ನು ನೋಡಿ ಗುರುಪಾದ, "ಹೋಗಿ ಬರ್ರಿ ಡಾಕ್ಟರ್‌ಬಾಯಾರ, ಹಿಂತಾವು ದಿನಾ ನಡೀತಾವ," ಎಂದ. ಆ ಸಮಾಧಾನ ಅವಳನ್ನು ಇನ್ನಷ್ಟು ಉರಿಸಿತು. ಸ್ವಂತ ದುಡಿಮೆಯ ದುಡ್ಡಿಗೆ ಹೀಗೆ ಫೋಟೋ ಕಳಿಸಿ ಕಾಯುವುದೆಂದರೇನು?

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ದೇವಿಂದ್ರಪ್ಪ ನಿಂತಿದ್ದ. ಕೊಟ್ಟಿಗೆಯ ಗೂಟಕ್ಕೆ ವಾಚು ತೂಗುಬಿದ್ದಿತ್ತಂತೆ. ಎಮ್ಮೆ ಕೊಂಬು ಹಾಕೀತೆಂದು ನಿಂಬೆವ್ವ ಒಳಗೆ ಒಯ್ದು ಜೋಳದ ಡಬ್ಬಿಯ ಮೇಲಿಟ್ಟಿದ್ದಳಂತೆ. ಚಾರ್ಜು ಇಲ್ಲದೆ ತಾನು ಫೋನು ಬಂದ್ ಇಟ್ಟಿದ್ದೆ ಎಂದು ಅವನು ತಪ್ಪಿತಸ್ಥನಂತೆ ಹೇಳಿದ. ಅವಳು ಅವನಿಗೆ ಚಹಾ ಕುಡಿಸಿ ಕಳಿಸಿದಳು. ವಾಚಿಗೆ ಒಂದು ಗೀರೂ ಬಿದ್ದಿರಲಿಲ್ಲ. ಗಂಡ ಸುಮ್ಮನಿದ್ದಿದ್ದರೆ ಈಗ 'ಮುಂದುವರಿಸು' ಎಂದು ಒಂದು ಸಲ ಒತ್ತಿದರೆ ಸಾಕಿತ್ತು. ಕಾರ್ಡೇ ಸತ್ತಮೇಲೆ ಅದಕ್ಕೆ ಸಮಯ ತೋರಿಸುವ ಕೆಲಸವೊಂದೇ ಉಳಿದಿತ್ತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಹೊಸ ಕಾರ್ಡಿನ ಅರ್ಜಿ ತುಂಬಿದಳು. ಕೌಂಟರಿನಲ್ಲಿ ಕೂತಿದ್ದ ಅಂಜುಮ ಎಂಬ ಹುಡುಗಿ ಅದನ್ನು ತೆಗೆದುಕೊಂಡು, ಇನ್ನೇನಾದರೂ ಇದೆಯೇ ಎಂದು ಕೇಳಿದಳು.

"ಮೊಬೈಲ್ ನಂಬರ್ ಬದಲಿ ಮಾಡೂ ಫಾರಮ್ ಕೊಡ್ರಿ," ಎಂದಳು ಪಂಚಶೀಲಾ.

ಆಧಾರ್ ತೋರಿಸಿ, ಮೂರು ಕಡೆ ಸಹಿ ಹಾಕಿ ಹೊರಬರುವಾಗ ಧಮ್ಮಪಾಲನ ಕರೆ ಬಂತು. ಬ್ಯಾಂಕಿನಿಂದ ತನಗೇನೋ ಮೆಸೇಜು ಬಂದಿದೆ, ನಂಬರು ಬದಲಿಸಲು ಯಾರೋ ಅರ್ಜಿ ಕೊಟ್ಟಿದ್ದಾರೆ, ಮೋಸಗಾರರಿರಬಹುದು, ಖಾತೆಯನ್ನೇ ಬಂದ್ ಮಾಡಿಸಲೇ ಎಂದು ಗಾಬರಿಯಿಂದ ಕೇಳಿದ.

"ಕೊಟ್ಟಾಕಿ ನಾನೇ," ಎಂದಳು ಅವಳು. "ಫೋನ್ ಕೆಳಗಿಡ್ರಿ. ಯಾವ ಗುಂಡಿನೂ ಒತ್ತಬ್ಯಾಡ್ರಿ."

ನನಗೆ ಹೆದರಿಕೆಯಾಗಿತ್ತು, ನಿನ್ನ ಪಗಾರವೆಲ್ಲ ಹೋದೀತು ಅನಿಸಿತು ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಸಿಟ್ಟು ಮಾತ್ರ ಅಷ್ಟಕ್ಕೇ ಇಳಿಯಲಿಲ್ಲ.

ಒಂಬತ್ತನೇ ದಿನ ಅಂಚೆಯಲ್ಲಿ ಕಾರ್ಡು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಈಗ ತನ್ನ ಫೋನಿಗೇ ಬಂದ ಒಟಿಪಿ ಹಾಕಿ, ಅವಳೇ ಅದನ್ನು ವಾಚಿಗೆ ಸೇರಿಸಿದಳು. ಮುಗಿಸುವಷ್ಟರಲ್ಲಿ ಒಬ್ಬ ರೈತ ಮೇಕೆಯನ್ನು ಹೊತ್ತು ಒಳಗೆ ಬಂದ. ಪಂಚಶೀಲಾ ವಾಚು ಬಿಚ್ಚಿ, ಈ ಸಲ ಏಪ್ರನ್ನಿನ ಕಿಸೆಗೆ ಹಾಕಿ, ಗುಂಡಿ ಬಿಗಿದು, ಕೈಗವಸು ಏರಿಸಿಕೊಂಡಳು.